ಎರಡು ಬಿಲ್ಲಿನಿಂದ ಇಡ್ಲಿ-ವಡೆ ರೇಟು: ಎರಡು ಫ್ಯಾಕ್ಟರ್‌ಗಳ ರಿಸ್ಕ್ ಪ್ರೀಮಿಯಂ ಬಿಡಿಸುವ ಬಗೆ

ಗೋಡೆಯ ಮೇಲೆ ರೇಟ್ ಬೋರ್ಡ್ ಇಲ್ಲದ ಒಂದು ದರ್ಶಿನಿಗೆ ಹೋಗಿದ್ದೀರಿ ಅಂದುಕೊಳ್ಳಿ. ನಿಮ್ಮ ಮುಂದೆ ನಿಂತವರು ಎರಡು ಇಡ್ಲಿ, ಒಂದು ವಡೆ ತಗೊಂಡು 80 ರೂಪಾಯಿ ಕೊಟ್ಟರು. ಅವರ ನಂತರದವರು ಒಂದು ಇಡ್ಲಿ, ಎರಡು ವಡೆ ತಗೊಂಡು 100 ರೂಪಾಯಿ ಕೊಟ್ಟರು. ಕ್ಯಾಷಿಯರನ್ನು ಕೇಳದೆಯೇ ನಿಮಗೆ ರೇಟು ಗೊತ್ತಾಗುತ್ತದೆ. ಇಡ್ಲಿ 20, ವಡೆ 40.

ಷೇರು ಮಾರುಕಟ್ಟೆಯಲ್ಲೂ ಇಂಥ ರೇಟುಗಳಿವೆ, ಬೋರ್ಡ್ ಮಾತ್ರ ಇಲ್ಲ. ಒಂದು ಬಗೆಯ ರಿಸ್ಕನ್ನು ಹೊತ್ತುಕೊಂಡವರಿಗೆ ಮಾರುಕಟ್ಟೆ ಎಷ್ಟು ಹೆಚ್ಚುವರಿ ಆದಾಯ ಕೊಡುತ್ತದೆ? ಆ ರೇಟಿಗೆ ರಿಸ್ಕ್ ಪ್ರೀಮಿಯಂ ಎನ್ನುತ್ತಾರೆ. ಅದು ಎಲ್ಲೂ ನೇರವಾಗಿ ಕಾಣುವುದಿಲ್ಲ. ಕಾಣುವುದು ಬಿಲ್ಲಿನ ಮೊತ್ತ, ಅಂದರೆ ಇಡೀ ಪೋರ್ಟ್‌ಫೋಲಿಯೊ ಕೊಡುವ ಆದಾಯ. ಆ ಮೊತ್ತದಿಂದ ಒಂದೊಂದು ರಿಸ್ಕಿನ ರೇಟನ್ನು ಬಿಡಿಸಿಕೊಳ್ಳಬೇಕು.

ಫೈನಾನ್ಸ್ ಓದುವವರಿಗೆ ಈ ಲೆಕ್ಕ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಹೆಚ್ಚಿನವರು ಎರಡು ಸಮೀಕರಣ ಬರೆದು, ಬಿಡಿಸಿ, ಉತ್ತರಕ್ಕೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ಬಂದ ಸಂಖ್ಯೆ ಏನು ಅಂತ ಕೇಳಿದರೆ ತಡವರಿಸುತ್ತಾರೆ. ನನಗೆ ಇಲ್ಲಿ ಹೇಳಬೇಕಾಗಿರುವುದು ಅದೇ. ಆ ಸಂಖ್ಯೆ ಬರೀ ಬೀಜಗಣಿತದ ಉತ್ತರವಲ್ಲ. ಅದು ನೀವು ನಿಜವಾಗಿ ಕಟ್ಟಬಹುದಾದ ಒಂದು ಪೋರ್ಟ್‌ಫೋಲಿಯೊದ ಹೆಚ್ಚುವರಿ ಆದಾಯ. ಸಮೀಕರಣ ಬಿಡಿಸುವುದೂ ಆ ಪೋರ್ಟ್‌ಫೋಲಿಯೊ ಕಟ್ಟುವುದೂ ಒಂದೇ ಕೆಲಸ.

ಬಿಲ್ಲಿನಲ್ಲಿ ಏನೇನಿದೆ

1976ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀಫನ್ ರಾಸ್ ಆರ್ಬಿಟ್ರೇಜ್ ಪ್ರೈಸಿಂಗ್ ಥಿಯರಿಯನ್ನು ಮುಂದಿಟ್ಟರು. ಚಿಕ್ಕದಾಗಿ ಎಪಿಟಿ ಅನ್ನುತ್ತಾರೆ. ಇದರ ಪ್ರಕಾರ ಷೇರುಗಳ ಆದಾಯವನ್ನು ಒಟ್ಟಿಗೆ ಅಲುಗಾಡಿಸುವ ಕಾರಣಗಳು ಕೆಲವೇ ಕೆಲವು. ಅವನ್ನು ಫ್ಯಾಕ್ಟರ್ ಅಂತ ಕರೆಯೋಣ. ನಾವು ಎರಡನ್ನು ತೆಗೆದುಕೊಳ್ಳೋಣ. ಒಂದನೆಯದು ಕೈಗಾರಿಕಾ ಉತ್ಪಾದನೆ. ಎರಡನೆಯದು ಹಣದುಬ್ಬರ. ಎರಡಕ್ಕೂ ನಮ್ಮ ದೇಶದಲ್ಲಿ ಪ್ರತಿ ತಿಂಗಳೂ ಸರ್ಕಾರಿ ಅಂಕಿಅಂಶ ಹೊರಬೀಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫ್ಯಾಕ್ಟರ್ ಅಂದರೆ ಉತ್ಪಾದನೆ ಎಷ್ಟು ಬೆಳೆಯಿತು ಎಂಬುದಲ್ಲ. ಜನ ನಿರೀಕ್ಷಿಸಿದ್ದಕ್ಕಿಂತ ಎಷ್ಟು ಜಾಸ್ತಿ ಅಥವಾ ಕಮ್ಮಿ ಬೆಳೆಯಿತು ಎಂಬುದು. ಶೇ. 5 ಬೆಳೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದು, ಶೇ. 5 ಬೆಳೆದರೆ ಫ್ಯಾಕ್ಟರ್ ಸೊನ್ನೆ. ನಿರೀಕ್ಷಿಸಿದ್ದೆಲ್ಲ ಆಗಲೇ ಷೇರಿನ ಬೆಲೆಯಲ್ಲಿ ಸೇರಿಹೋಗಿರುತ್ತದೆ. ಹಾಗಾಗಿ ಈ ಅಚ್ಚರಿಗಳ ಸರಾಸರಿ ಸೊನ್ನೆ. ಒಂದು ಪೋರ್ಟ್‌ಫೋಲಿಯೊದ ಆದಾಯವನ್ನು ಹೀಗೆ ಬರೆಯಬಹುದು:

```
r = E(r) + β1·F1 + β2·F2 + e
```

E(r) ನಿರೀಕ್ಷಿತ ಆದಾಯ. F1 ಉತ್ಪಾದನೆಯ ಅಚ್ಚರಿ, F2 ಹಣದುಬ್ಬರದ ಅಚ್ಚರಿ. ಬೀಟಾಗಳು ಆ ಅಚ್ಚರಿಗೆ ಪೋರ್ಟ್‌ಫೋಲಿಯೊ ಎಷ್ಟು ಸ್ಪಂದಿಸುತ್ತದೆ ಅಂತ ಹೇಳುತ್ತವೆ. β1 ಎಂಬುದು 1.2 ಆಗಿದ್ದರೆ, ಉತ್ಪಾದನೆ ನಿರೀಕ್ಷೆಗಿಂತ ಶೇ. 1ರಷ್ಟು ಮೇಲೆ ಹೋದಾಗ ಆದಾಯ ಶೇ. 1.2ರಷ್ಟು ಏರುತ್ತದೆ. ಬಿಲ್ಲಿನ ಭಾಷೆಯಲ್ಲಿ ಬೀಟಾ ಅಂದರೆ ಎಷ್ಟು ಇಡ್ಲಿ, ಎಷ್ಟು ವಡೆ ಎಂಬ ಲೆಕ್ಕ.

ಕೊನೆಗೆ ಉಳಿದ e ಆಯಾ ಕಂಪನಿಯ ಸ್ವಂತ ಕಥೆ. ಕಾರ್ಖಾನೆಗೆ ಬೆಂಕಿ ಬೀಳುವುದು, ದೊಡ್ಡ ಆರ್ಡರ್ ಸಿಗುವುದು, ಎಂಡಿ ರಾಜೀನಾಮೆ ಕೊಡುವುದು, ಇಂಥವೆಲ್ಲ. ಈ e ಇಲ್ಲವಾಗಲಿ ಎಂದೇ ನಾವು ಒಂದೊಂದು ಷೇರಿನ ಬದಲು ಚೆನ್ನಾಗಿ ಹಂಚಿದ ಪೋರ್ಟ್‌ಫೋಲಿಯೊ ಹಿಡಿಯುತ್ತೇವೆ. ಒಂದು ಷೇರಿನ ಸ್ವಂತ ಏರಿಳಿತ ವರ್ಷಕ್ಕೆ ಶೇ. 30 ಅಂತ ಇಟ್ಟುಕೊಳ್ಳಿ. ಒಂದರ ಕಥೆಗೂ ಇನ್ನೊಂದರ ಕಥೆಗೂ ಸಂಬಂಧ ಇಲ್ಲದಿದ್ದರೆ, 25 ಷೇರುಗಳಲ್ಲಿ ಸಮನಾಗಿ ಹಂಚಿದಾಗ ಅದು ಶೇ. 6ಕ್ಕೆ ಇಳಿಯುತ್ತದೆ. 100 ಷೇರುಗಳಲ್ಲಿ ಶೇ. 3. 900 ಷೇರುಗಳಲ್ಲಿ ಶೇ. 1. ಷೇರುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತಾ ಹೋದರೆ ಸಾಕು. ಆದರೆ ಎಲ್ಲ ಷೇರುಗಳೂ ಒಂದೇ ಉದ್ಯಮದವಾದರೆ ಈ ಲೆಕ್ಕ ಕೆಡುತ್ತದೆ. ನೂರು ಸಿಮೆಂಟ್ ಕಂಪನಿಗಳನ್ನು ಕೊಂಡರೆ ಸಿಮೆಂಟಿನ ಕಥೆ ಎಲ್ಲೂ ಹೋಗುವುದಿಲ್ಲ. ಅಲ್ವಾ?

e ಇಲ್ಲವಾದ ಮೇಲೆ ಉಳಿಯುವ ರಿಸ್ಕು ಎರಡೇ. ಆಗ ನಿರೀಕ್ಷಿತ ಆದಾಯ ಹೀಗಿರಲೇಬೇಕು ಅಂತ ಎಪಿಟಿ ಹೇಳುತ್ತದೆ:

```
E(r) = rf + β1·λ1 + β2·λ2
```

rf ಅಂದರೆ ರಿಸ್ಕ್ ಇಲ್ಲದ ದರ. ಒಂದು ವರ್ಷದ ಲೆಕ್ಕಕ್ಕೆ ನಮ್ಮಲ್ಲಿ ಸರ್ಕಾರದ ಸಾಲಪತ್ರವಾದ 364 ದಿನಗಳ ಟ್ರೆಷರಿ ಬಿಲ್ಲಿನ ದರ ತಗೊಳ್ಳಬಹುದು. λ1, λ2 ನಾವು ಹುಡುಕುತ್ತಿರುವ ರೇಟುಗಳು. ಗ್ರೀಕ್ ಅಕ್ಷರ ಲ್ಯಾಂಬ್ಡಾ ನೋಡಿ ಹೆದರಬೇಡಿ, ಒಂದು ಇಡ್ಲಿಗೆ ಎಷ್ಟು ಅಂತ ಹೇಳುವ ಸಂಖ್ಯೆ ಅಷ್ಟೇ. ಮೊದಲ ಸಮೀಕರಣದ F ಬೇರೆ, ಎರಡನೆಯದರ λ ಬೇರೆ. F ಪ್ರತಿ ವರ್ಷ ಬದಲಾಗುವ ಅಚ್ಚರಿ, ಅದರ ಸರಾಸರಿ ಸೊನ್ನೆ. λ ಆ ಅಚ್ಚರಿಗೆ ಮೈಯೊಡ್ಡಿದ್ದಕ್ಕೆ ಸಿಗುವ ಕೂಲಿ. ಇವೆರಡನ್ನೂ ಕಲಸಿಬಿಟ್ಟರೆ ಮುಂದಿನದೇನೂ ಅರ್ಥವಾಗುವುದಿಲ್ಲ.

ಲೆಕ್ಕ

ಈ ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ರಿಸ್ಕ್ ಇಲ್ಲದ ದರ ಶೇ. 6. ಚೆನ್ನಾಗಿ ಹಂಚಿದ ಎರಡು ಪೋರ್ಟ್‌ಫೋಲಿಯೊಗಳಿವೆ.

```
      β1      β2     E(r)
A    1.2    -0.5    14.2%
B    0.8     0.6     9.6%
```

Aಯ ಎರಡನೆಯ ಬೀಟಾ ಋಣವಾಗಿದೆ. ಹಣದುಬ್ಬರ ಇದ್ದಕ್ಕಿದ್ದಂತೆ ಏರಿದರೆ A ನೆಲ ಕಚ್ಚುತ್ತದೆ, B ಏರುತ್ತದೆ.

ಮೊದಲ ಹೆಜ್ಜೆ, ಎರಡರ ಆದಾಯದಿಂದಲೂ ಶೇ. 6 ಕಳೆಯುವುದು. ಎಷ್ಟೋ ಜನ ಎಡವುವುದು ಇಲ್ಲೇ. rf ಎಂಬುದು ಪಾರ್ಸೆಲ್ ಚಾರ್ಜ್ ಇದ್ದ ಹಾಗೆ. ಏನೇ ತಗೊಂಡರೂ ಎಲ್ಲ ಬಿಲ್ಲಿನಲ್ಲೂ ಅಷ್ಟೇ ಇರುತ್ತದೆ. ಅದನ್ನು ತೆಗೆಯದೆ ಇಡ್ಲಿಯ ರೇಟು ಹುಡುಕಿದರೆ ಪಾರ್ಸೆಲ್ ಚಾರ್ಜೂ ಇಡ್ಲಿಯ ಲೆಕ್ಕಕ್ಕೇ ಸೇರಿಕೊಳ್ಳುತ್ತದೆ.

```
1.2·λ1 - 0.5·λ2 = 8.2
0.8·λ1 + 0.6·λ2 = 3.6
```

λ2ವನ್ನು ತೆಗೆದುಹಾಕೋಣ. ಮೊದಲ ಸಾಲನ್ನು 0.6ರಿಂದ, ಎರಡನೆಯದನ್ನು 0.5ರಿಂದ ಗುಣಿಸಿ ಕೂಡಿಸಿ. λ2 ಇರುವ ಭಾಗಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ.

```
(0.72 + 0.40)·λ1 = 0.6×8.2 + 0.5×3.6
1.12·λ1 = 6.72
λ1 = 6
```

ಇದನ್ನು ಎರಡನೆಯ ಸಾಲಿನಲ್ಲಿ ಹಾಕಿದರೆ 4.8 + 0.6·λ2 = 3.6. ಆದ್ದರಿಂದ λ2 = -2. ಉತ್ಪಾದನೆಯ ರಿಸ್ಕಿಗೆ ಒಂದು ಬೀಟಾಗೆ ಶೇ. 6 ಸಿಗುತ್ತದೆ. ಹಣದುಬ್ಬರದ ಬೀಟಾ ಒಂದು ಹೆಚ್ಚಾದರೆ ಆದಾಯ ಶೇ. 2 ಕಡಿಮೆಯಾಗುತ್ತದೆ.

ಪರೀಕ್ಷೆಯ ಉತ್ತರ ಇಲ್ಲಿಗೆ ಮುಗಿಯಿತು. ಆದರೆ 0.6, 0.5, 1.12 ಎಂಬ ಸಂಖ್ಯೆಗಳನ್ನು ಸುಮ್ನೆ ಬಿಟ್ಟುಬಿಡಬೇಡಿ. ಅವುಗಳಲ್ಲೇ ವಿಷಯ ಇರುವುದು.

ಉತ್ಪಾದನೆಯ ರಿಸ್ಕ್ ಮಾತ್ರ ಇರುವ, ಹಣದುಬ್ಬರದ ರಿಸ್ಕ್ ಒಂಚೂರೂ ಇಲ್ಲದ ಪೋರ್ಟ್‌ಫೋಲಿಯೊ ನಿಮಗೆ ಬೇಕು ಅಂದುಕೊಳ್ಳಿ. ಅಂದರೆ β1 ಒಂದು, β2 ಸೊನ್ನೆ. ಕೈಯಲ್ಲಿ 1 ಕೋಟಿ ರೂಪಾಯಿ ಇದೆ. Aಯಲ್ಲಿ 0.6/1.12 ಭಾಗ, ಅಂದರೆ 53.57 ಲಕ್ಷ ಹಾಕಿ. Bಯಲ್ಲಿ 0.5/1.12 ಭಾಗ, ಅಂದರೆ 44.64 ಲಕ್ಷ ಹಾಕಿ. ಉಳಿದ 1.79 ಲಕ್ಷವನ್ನು ಟ್ರೆಷರಿ ಬಿಲ್ಲಿನಲ್ಲಿಡಿ. Aಯಿಂದ ಬರುವ ಹಣದುಬ್ಬರದ ಬೀಟಾ -0.5 × 0.5357, ಅಂದರೆ -0.268. Bಯಿಂದ ಬರುವುದು 0.6 × 0.4464, ಅಂದರೆ +0.268. ಒಂದಕ್ಕೊಂದು ವಜಾ. ಉತ್ಪಾದನೆಯ ಬೀಟಾ 0.643 ಮತ್ತು 0.357 ಸೇರಿ ಸರಿಯಾಗಿ 1.

ಇದರ ನಿರೀಕ್ಷಿತ ಆದಾಯ ಎಷ್ಟು? Aಯಿಂದ 7.61 ಲಕ್ಷ, Bಯಿಂದ 4.29 ಲಕ್ಷ, ಟ್ರೆಷರಿ ಬಿಲ್ಲಿನಿಂದ ಸುಮಾರು 0.11 ಲಕ್ಷ. ಒಟ್ಟು 12 ಲಕ್ಷ. ಶೇ. 12ರಲ್ಲಿ ರಿಸ್ಕ್ ಇಲ್ಲದ ಶೇ. 6 ಕಳೆದರೆ ಉಳಿಯುವುದು ಶೇ. 6. ಅದೇ λ1.

ಕಾಗದದ ಮೇಲೆ λ2ವನ್ನು ಅಳಿಸಲು ಯಾವ ಸಂಖ್ಯೆಗಳಿಂದ ಗುಣಿಸಿದೆವೋ, ಹಣದುಬ್ಬರದ ರಿಸ್ಕನ್ನು ಅಳಿಸಲು A ಮತ್ತು Bಗಳನ್ನು ಅದೇ ಪ್ರಮಾಣದಲ್ಲಿ ಕೊಂಡಿದ್ದೇವೆ. ಇದು ಕಾಕತಾಳೀಯವಲ್ಲ. ಚರಾಕ್ಷರವನ್ನು ತೆಗೆದುಹಾಕುವುದು ಅಂದರೆ ಒಂದು ರಿಸ್ಕನ್ನು ತೆಗೆದುಹಾಕುವುದು. ನನಗೆ ಇದು ಮೊದಲ ಸಲ ಹೊಳೆದಾಗ ಬಹಳ ಸಂತೋಷವಾಗಿತ್ತು. ಈಗಲೂ ಆಗುತ್ತದೆ.

ಹಣದುಬ್ಬರದ್ದೂ ಹೀಗೇ. β1 ಸೊನ್ನೆ, β2 ಒಂದು ಬೇಕಾದರೆ Aಯನ್ನು 71.43 ಲಕ್ಷದಷ್ಟು ಶಾರ್ಟ್ ಮಾಡಬೇಕು, ಅಂದರೆ ಸಾಲ ತಂದು ಮಾರಬೇಕು. Bಯನ್ನು 107.14 ಲಕ್ಷಕ್ಕೆ ಕೊಳ್ಳಬೇಕು. 64.29 ಲಕ್ಷ ಟ್ರೆಷರಿ ಬಿಲ್ಲಿಗೆ ಹೋಗುತ್ತದೆ. ಎಲ್ಲ ಸೇರಿ 1 ಕೋಟಿಯೇ. ಇದರ ನಿರೀಕ್ಷಿತ ಆದಾಯ 4 ಲಕ್ಷ, ಅಂದರೆ ಶೇ. 4. ಶೇ. 6ಕ್ಕಿಂತ 2 ಕಡಿಮೆ.

ರಿಸ್ಕ್ ತಗೊಂಡು ಟ್ರೆಷರಿ ಬಿಲ್ಲಿಗಿಂತ ಕಡಿಮೆ ಆದಾಯ ಯಾರಿಗೆ ಬೇಕು ಅಂತ ಕೇಳಬಹುದು. ಈ ಪೋರ್ಟ್‌ಫೋಲಿಯೊ ಯಾವಾಗ ಹಣ ಕೊಡುತ್ತದೆ ಅಂತ ನೋಡಿ. ಬೇಳೆ, ಎಣ್ಣೆ, ಪೆಟ್ರೋಲ್ ಎಲ್ಲವೂ ನಿರೀಕ್ಷೆ ಮೀರಿ ಏರಿದಾಗ. ಉಳಿದ ಹೂಡಿಕೆಗಳು ಬಿದ್ದು, ಮನೆಯ ಖರ್ಚು ಏರಿದ ಹೊತ್ತಿನಲ್ಲಿ ಇದು ಕೈಹಿಡಿಯುತ್ತದೆ. ಇದು ಒಂದು ಥರದ ವಿಮೆ. ವಿಮೆಗೆ ನಾವೇ ಹಣ ಕಟ್ಟುತ್ತೇವೆ. ಆ ಕಂತೇ ಈ ಶೇ. 2. ಹಾಗಾಗಿ λ ಋಣವಾಗಿ ಬಂದರೆ ಲೆಕ್ಕ ತಪ್ಪಿದೆ ಅಂತ ಗಾಬರಿಯಾಗಬೇಕಿಲ್ಲ. Aಯನ್ನೇ ನೋಡಿ. ಅದರ β2 ಋಣ, λ2 ಕೂಡ ಋಣ. ಗುಣಿಸಿದರೆ +1. ಹಣದುಬ್ಬರಕ್ಕೆ ಬಲಿಯಾಗುವ A, ಆ ಕಾರಣಕ್ಕೇ ಶೇ. 1ರಷ್ಟು ಹೆಚ್ಚು ಕೊಡುತ್ತದೆ.

ರೇಟು ಒಂದೇ ಇರಬೇಕು, ಯಾಕೆ?

ದರ್ಶಿನಿಯಲ್ಲಿ ಎಲ್ಲರಿಗೂ ಇಡ್ಲಿ 20 ರೂಪಾಯಿ ಅಂತ ಒಪ್ಪಿಕೊಂಡೇ ನಾವು ಬಿಲ್ಲು ಬಿಡಿಸಿದೆವು. ಮಾರುಕಟ್ಟೆಯಲ್ಲಿ ಹಾಗೆ ಒಪ್ಪಲು ಏನು ಆಧಾರ? ಆರ್ಬಿಟ್ರೇಜ್. ಅಂದರೆ ಸ್ವಂತ ಹಣ ಹಾಕದೆ, ರಿಸ್ಕ್ ಇಲ್ಲದೆ ಲಾಭ ಮಾಡುವ ದಾರಿ. ಅಂಥ ದಾರಿ ತೆರೆದಿದ್ದರೆ ಜನ ನುಗ್ಗುತ್ತಾರೆ, ನುಗ್ಗಿದ ಮೇಲೆ ಅದು ಮುಚ್ಚುತ್ತದೆ.

C ಎಂಬ ಮೂರನೆಯ ಪೋರ್ಟ್‌ಫೋಲಿಯೊ ಇದೆ. ಅದರ β1 1.0, β2 0.05. ನಮ್ಮ ರೇಟಿನ ಪ್ರಕಾರ ಅದರ ಆದಾಯ 6 + 6 - 0.1, ಅಂದರೆ ಶೇ. 11.9 ಇರಬೇಕು. ಆದರೆ ಮಾರುಕಟ್ಟೆಯಲ್ಲಿ ಅದು ಶೇ. 12.9 ಕೊಡುವಂತಿದೆ ಅಂದುಕೊಳ್ಳಿ. Cಯ ಬೀಟಾಗಳನ್ನು ಗಮನಿಸಿ. ಅವು ಅರ್ಧ A, ಅರ್ಧ B. ಹಾಗಾದರೆ A ಮತ್ತು Bಗಳನ್ನು ತಲಾ 50 ಲಕ್ಷದಷ್ಟು ಶಾರ್ಟ್ ಮಾಡಿ, ಬಂದ 1 ಕೋಟಿಯಲ್ಲಿ C ಕೊಳ್ಳಿ. ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗಿಲ್ಲ.

ಈಗ ಕೆಟ್ಟ ವರ್ಷ ಬರಲಿ. ಉತ್ಪಾದನೆ ನಿರೀಕ್ಷೆಗಿಂತ ಶೇ. 3 ಕುಸಿಯಿತು, ಹಣದುಬ್ಬರ ಶೇ. 2 ಮೇಲೆ ಹೋಯಿತು. Aಯ ಆದಾಯ 14.2 - 3.6 - 1.0, ಅಂದರೆ ಶೇ. 9.6. Bಯದು 9.6 - 2.4 + 1.2, ಅಂದರೆ ಶೇ. 8.4. Cಯದು 12.9 - 3 + 0.1, ಅಂದರೆ ಶೇ. 10. Cಯಿಂದ ನಿಮಗೆ 10 ಲಕ್ಷ ಬಂತು. Aಗೆ 4.8 ಲಕ್ಷ, Bಗೆ 4.2 ಲಕ್ಷ ತೆರಬೇಕು. ಉಳಿದದ್ದು 1 ಲಕ್ಷ. ಒಳ್ಳೆಯ ವರ್ಷದ ಅಂಕಿ ಹಾಕಿ ನೋಡಿ, ಆಗಲೂ 1 ಲಕ್ಷವೇ. ಇಂಥದ್ದನ್ನು ಕಂಡವರೆಲ್ಲ Cಯನ್ನು ಕೊಳ್ಳುತ್ತಾರೆ, ಅದರ ಬೆಲೆ ಏರುತ್ತದೆ, ಮುಂದಿನ ಆದಾಯ ಇಳಿಯುತ್ತದೆ. ಶೇ. 11.9ಕ್ಕೆ ಬಂದಾಗ ನಿಲ್ಲುತ್ತದೆ.

ನಿಜ ಜೀವನದಲ್ಲಿ ಇದು ಇಷ್ಟು ಸಲೀಸಲ್ಲ. ನಮ್ಮಲ್ಲಿ ಸಾಮಾನ್ಯ ಹೂಡಿಕೆದಾರರು ನಗದು ಮಾರುಕಟ್ಟೆಯಲ್ಲಿ ಶಾರ್ಟ್ ಮಾಡಿದ್ದನ್ನು ಅದೇ ದಿನ ಮುಚ್ಚಬೇಕು. ವರ್ಷಗಟ್ಟಲೆ ಹಿಡಿದಿಡಬೇಕಾದರೆ ಫ್ಯೂಚರ್ಸ್ ಅಥವಾ ಷೇರು ಎರವಲು ವ್ಯವಸ್ಥೆಗೆ ಹೋಗಬೇಕು, ಅದಕ್ಕೆ ಖರ್ಚಿದೆ. ಆ ಖರ್ಚು ಶೇ. 1ಕ್ಕಿಂತ ಜಾಸ್ತಿಯಾದರೆ Cಯ ತಪ್ಪು ಬೆಲೆ ಹಾಗೇ ಉಳಿಯಬಹುದು. e ಪೂರ್ತಿ ಹೋಗಿಲ್ಲದಿದ್ದರೂ ಅಷ್ಟೇ. 25 ಷೇರುಗಳ ಪೋರ್ಟ್‌ಫೋಲಿಯೊದಲ್ಲಿ ಶೇ. 6ರ ಸ್ವಂತ ಏರಿಳಿತ ಇರುವಾಗ ಶೇ. 1ರ ಲಾಭ ಖಚಿತ ಅನ್ನಲು ಬರುವುದಿಲ್ಲ. ಒಂಟಿ ಷೇರಿನ ಆದಾಯಗಳನ್ನು ಈ ಸಮೀಕರಣಕ್ಕೆ ಹಾಕಿ λ ಬಿಡಿಸಬಾರದು ಅನ್ನುವುದು ಅದಕ್ಕೇ.

ಬಿಲ್ಲು ಇದ್ದರೂ ರೇಟು ಸಿಗದಿದ್ದಾಗ

ಕೆಲವು ಲೆಕ್ಕಗಳಲ್ಲಿ rf ಕೊಟ್ಟಿರುವುದಿಲ್ಲ. ಪಾರ್ಸೆಲ್ ಚಾರ್ಜ್ ಎಷ್ಟು ಅಂತಲೂ ಗೊತ್ತಿಲ್ಲ. ಗೊತ್ತಿಲ್ಲದ್ದು ಮೂರಾದಾಗ ಮೂರು ಬಿಲ್ಲು ಬೇಕು. ಆಗ ಸಹಜವಾಗಿ A, B, C ಮೂರನ್ನೂ ಹಿಡಿಯೋಣ ಅನ್ನಿಸುತ್ತದೆ. ಹಿಡಿದು ನೋಡಿ, ಉತ್ತರ ಬರುವುದಿಲ್ಲ. C ಎಂಬುದು A ಮತ್ತು Bಗಳ ಅರ್ಧರ್ಧ. ಅದು ಹೇಳುವುದನ್ನೆಲ್ಲ A, B ಆಗಲೇ ಹೇಳಿಯಾಗಿದೆ. ಎರಡು ಬಿಲ್ಲಿನ ಸರಾಸರಿಯನ್ನು ಮೂರನೆಯ ಬಿಲ್ಲು ಅಂತ ಎಣಿಸಿದ ಹಾಗೆ.

ಬೀಟಾಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳಾಗಿ ಇಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಅಡ್ಡಕ್ಕೆ β1, ಉದ್ದಕ್ಕೆ β2. A, C, B ಒಂದೇ ಗೆರೆಯ ಮೇಲೆ ಬೀಳುತ್ತವೆ. ಬೇಕಾಗಿರುವುದು ಗೆರೆಯಿಂದ ಆಚೆ ಇರುವ ಚುಕ್ಕೆ. D ಎಂಬುದು β1 0.4, β2 -0.3, ಆದಾಯ ಶೇ. 9 ಅಂತ ಇರಲಿ. ಈಗ ಸಾಲುಗಳನ್ನು ಒಂದರಿಂದೊಂದು ಕಳೆದರೆ ಪಾರ್ಸೆಲ್ ಚಾರ್ಜ್ ತಾನಾಗಿ ಹೊರಟುಹೋಗುತ್ತದೆ.

```
A - B:  0.4·λ1 - 1.1·λ2 = 4.6
A - D:  0.8·λ1 - 0.2·λ2 = 5.2
```

ಎರಡನೆಯ ಸಾಲಿನಿಂದ λ1 = 6.5 + 0.25·λ2. ಮೊದಲನೆಯದರಲ್ಲಿ ಹಾಕಿದರೆ 2.6 - λ2 = 4.6, ಅಂದರೆ λ2 = -2. ಆಗ λ1 = 6. Aಯ ಸಾಲಿಗೆ ಮರಳಿದರೆ 14.2 - 7.2 - 1.0, rf ಶೇ. 6. ನಾವು ಕೊಡದಿದ್ದರೂ ಅದೇ ಹೊರಗೆ ಬಂತು.

ಪೂರ್ತಿ ಒಂದೇ ಆದರೆ ಲೆಕ್ಕ ನಿಂತುಬಿಡುತ್ತದೆ, ತಪ್ಪು ಗೊತ್ತಾಗುತ್ತದೆ. ಹೆಚ್ಚು ಅಪಾಯ ಇರುವುದು ಹೆಚ್ಚುಕಡಿಮೆ ಒಂದೇ ಆದಾಗ. ಆಗ ಉತ್ತರ ಬರುತ್ತದೆ, ಆದರೆ ಅದನ್ನು ನಂಬುವಂತಿಲ್ಲ. rf ಶೇ. 6 ಅಂತ ಗೊತ್ತಿದೆ ಎಂದೇ ಇಟ್ಟುಕೊಂಡು, Bಯ ಬದಲು E ಎಂಬ ಪೋರ್ಟ್‌ಫೋಲಿಯೊ ತಗೊಳ್ಳೋಣ. ಅದರ β1 1.1, β2 -0.45. ಇದು Aಯ ತಮ್ಮನ ಹಾಗಿದೆ. ಇದರ ಸರಿಯಾದ ಆದಾಯ ಶೇ. 13.5. ಆದರೆ ನಮ್ಮ ಅಳತೆಯಲ್ಲಿ ಚಿಕ್ಕ ತಪ್ಪಾಗಿ 13.7 ಅಂತ ಬಂತು. ಬರೀ 0.2ರ ವ್ಯತ್ಯಾಸ.

```
1.2·λ1 - 0.50·λ2 = 8.2
1.1·λ1 - 0.45·λ2 = 7.7
```

ಬಿಡಿಸಿದರೆ λ1 = 16, λ2 = 22. ಮತ್ತೆ ಹಾಕಿ ಪರೀಕ್ಷಿಸಿ: 19.2 - 11 = 8.2, 17.6 - 9.9 = 7.7. ಸಮೀಕರಣಕ್ಕೆ ಸರಿಯೇ. ನಿಜವಾದ ರೇಟು 6 ಮತ್ತು -2 ಆಗಿದ್ದವು, ನೆನಪಿರಲಿ. ವಿಮೆಯ ಕಂತಾಗಿದ್ದ λ2 ದೊಡ್ಡ ಕೂಲಿಯಾಯಿತು. ಇದೇ 0.2ರ ತಪ್ಪು Bಯಲ್ಲಿ ಆಗಿದ್ದರೆ? λ1 ಸುಮಾರು 6.09, λ2 ಸುಮಾರು -1.79 ಬರುತ್ತಿತ್ತು. ಏನೂ ಅನಾಹುತವಿಲ್ಲ.

ವ್ಯತ್ಯಾಸ ಎಲ್ಲಿಂದ ಬಂತು? ಭಾಗಿಸುವ ಸಂಖ್ಯೆಯಿಂದ. A ಮತ್ತು Bಗೆ ಅದು 1.12 ಇತ್ತು. A ಮತ್ತು Eಗೆ 1.2 × (-0.45) + 0.5 × 1.1, ಅಂದರೆ 0.01. ನೂರನೇ ಒಂದು ಭಾಗದಿಂದ ಭಾಗಿಸುವುದು ಅಂದರೆ ನೂರರಿಂದ ಗುಣಿಸುವುದು. ಅಳತೆಯ ಚಿಕ್ಕ ತಪ್ಪೂ ಬಹಳ ಪಟ್ಟು ಹಿಗ್ಗುತ್ತದೆ: 0.2ರ ತಪ್ಪು λ1ರಲ್ಲಿ 10, λ2ರಲ್ಲಿ 24 ಆಯಿತು. ಪೋರ್ಟ್‌ಫೋಲಿಯೊ ಭಾಷೆಯಲ್ಲೂ ನೋಡಿ. ಈ ಎರಡರಿಂದ ಉತ್ಪಾದನೆಯ ರಿಸ್ಕ್ ಮಾತ್ರ ಇರುವುದನ್ನು ಕಟ್ಟಲು 1 ಕೋಟಿಗೆ Aಯನ್ನು 45 ಕೋಟಿಯಷ್ಟು ಶಾರ್ಟ್ ಮಾಡಿ Eಯನ್ನು 50 ಕೋಟಿಗೆ ಕೊಳ್ಳಬೇಕು, ಜೊತೆಗೆ 4 ಕೋಟಿ ಸಾಲ. ಯಾರೂ ಹಾಗೆ ಮಾಡುವುದಿಲ್ಲ. ನನ್ನ ಅಭ್ಯಾಸ ಏನೆಂದರೆ, λ ನೋಡುವ ಮೊದಲು ಭಾಗಿಸುವ ಸಂಖ್ಯೆ ನೋಡುತ್ತೇನೆ. ಅದು ಸೊನ್ನೆಗೆ ಹತ್ತಿರ ಇದ್ದರೆ ಬೇರೆ ಪೋರ್ಟ್‌ಫೋಲಿಯೊ ಹುಡುಕುತ್ತೇನೆ.

ನಿಜವಾದ ಅಂಕಿಗಳಿಗೆ ಬಂದಾಗ

ಪುಸ್ತಕದ ಲೆಕ್ಕದಲ್ಲಿ E(r) ಮತ್ತು ಬೀಟಾಗಳನ್ನು ಕೊಟ್ಟುಬಿಟ್ಟಿರುತ್ತಾರೆ. ಹೊರಗೆ ಎರಡನ್ನೂ ಅಂದಾಜು ಮಾಡಬೇಕು, ಎರಡರಲ್ಲೂ ತಪ್ಪಿರುತ್ತದೆ. ಹಾಗಾಗಿ ಸಂಶೋಧಕರು ಎರಡೇ ಪೋರ್ಟ್‌ಫೋಲಿಯೊಗಳನ್ನು ನೆಚ್ಚಿಕೊಳ್ಳುವುದಿಲ್ಲ. ಹತ್ತಿಪ್ಪತ್ತನ್ನು ಹಿಡಿದು, ಎಲ್ಲಕ್ಕೂ ಆದಷ್ಟು ಹೊಂದುವ λಗಳನ್ನು ಹುಡುಕುತ್ತಾರೆ. 1973ರಲ್ಲಿ ಯೂಜಿನ್ ಫಾಮಾ ಮತ್ತು ಜೇಮ್ಸ್ ಮ್ಯಾಕ್‌ಬೆತ್ ತೋರಿಸಿಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಮೊದಲು ಹಳೆಯ ಆದಾಯಗಳಿಂದ ಪ್ರತಿ ಪೋರ್ಟ್‌ಫೋಲಿಯೊದ ಬೀಟಾ ಅಂದಾಜು ಮಾಡುತ್ತಾರೆ. ಆಮೇಲೆ ಪ್ರತಿ ತಿಂಗಳೂ ಆ ತಿಂಗಳ ಆದಾಯಗಳನ್ನು ಬೀಟಾಗಳ ಎದುರು ಇಟ್ಟು ಒಂದೊಂದು λ ಪಡೆಯುತ್ತಾರೆ. ಕೊನೆಗೆ ಎಲ್ಲ ತಿಂಗಳುಗಳ ಸರಾಸರಿ.

ನೈ-ಫು ಚೆನ್, ರಿಚರ್ಡ್ ರೋಲ್ ಮತ್ತು ರಾಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ದಾರಿ ಹಿಡಿದರು. ಅಮೆರಿಕದ ಷೇರುಗಳನ್ನು ಕಂಪನಿಯ ಗಾತ್ರದ ಪ್ರಕಾರ ಗುಂಪು ಮಾಡಿದರು. ಕೈಗಾರಿಕಾ ಉತ್ಪಾದನೆ, ಹಣದುಬ್ಬರ, ಬಾಂಡುಗಳ ಬಡ್ಡಿಯ ಅಂತರಗಳು ಅವರ ಫ್ಯಾಕ್ಟರ್‌ಗಳಾಗಿದ್ದವು. ಉತ್ಪಾದನೆಯ ಪ್ರೀಮಿಯಂ ಧನವಾಗಿ, ಅನಿರೀಕ್ಷಿತ ಹಣದುಬ್ಬರದ್ದು ಋಣವಾಗಿ ಬಂತು. ನನ್ನ ಲೆಕ್ಕದಲ್ಲಿ ಚಿಹ್ನೆಗಳನ್ನು ಹಾಗೆ ಇಟ್ಟದ್ದು ಅದನ್ನು ನೆನೆದೇ.

ಇಷ್ಟೆಲ್ಲ ಮಾಡಿದ ಮೇಲೂ λ ಎಷ್ಟು ಗಟ್ಟಿ? ಇದಕ್ಕೆ ಉತ್ತರ ನಾವು ಆಗ ಕಟ್ಟಿದ ಪೋರ್ಟ್‌ಫೋಲಿಯೊದಲ್ಲೇ ಇದೆ. λ1 ಎಂಬುದು ಒಂದು ಪೋರ್ಟ್‌ಫೋಲಿಯೊದ ಸರಾಸರಿ ಹೆಚ್ಚುವರಿ ಆದಾಯ ತಾನೇ. ಹಾಗಾದರೆ ಯಾವುದೇ ಸರಾಸರಿಗೆ ಇರುವ ಅನಿಶ್ಚಿತತೆ ಇದಕ್ಕೂ ಇದೆ. ಅದರ ಆದಾಯ ವರ್ಷಕ್ಕೆ ಶೇ. 15ರಷ್ಟು ಏರಿಳಿಯುತ್ತದೆ ಅಂದುಕೊಳ್ಳಿ. 25 ವರ್ಷಗಳ ಅಂಕಿ ಇದ್ದರೆ ಸರಾಸರಿಯ ತಪ್ಪು 15ನ್ನು 5ರಿಂದ ಭಾಗಿಸಿದಷ್ಟು, ಶೇ. 3. ಎರಡು ಪಟ್ಟು ಅಂತರ ಬಿಟ್ಟು ನೋಡಿದರೆ, 6 ಅಂತ ಸಿಕ್ಕ ರೇಟು ನಿಜದಲ್ಲಿ 0ಯಿಂದ 12ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ವರ್ಷದ ಬದಲು ತಿಂಗಳ ಅಂಕಿ, ದಿನದ ಅಂಕಿ ತಗೊಂಡರೆ ಬೀಟಾ ಚೆನ್ನಾಗಿ ಅಳೆಯಲು ಸಿಗುತ್ತದೆ, ಆದರೆ ಈ ಸರಾಸರಿ ಗಟ್ಟಿಯಾಗುವುದಿಲ್ಲ. ಅದಕ್ಕೆ ವರ್ಷಗಳೇ ಬೇಕು. ತಪ್ಪನ್ನು ಶೇ. 3ರಿಂದ 1.5ಕ್ಕೆ ಇಳಿಸಲು 100 ವರ್ಷಗಳ ಅಂಕಿ ಬೇಕಾಗುತ್ತದೆ.